ರೈತನ ಒಂದು ರೂಪಾಯಿ ಊರಿನಲ್ಲಿ ಐದಾಗುತ್ತದೆಯೇ?

ಸಂಪಾದಕರಿಗೆ,

ರೈತನ ಕೈಗೆ ಬಂದ ಒಂದು ರೂಪಾಯಿ ಹಳ್ಳಿಯ ಸಂತೆಯಲ್ಲಿ ಐದು ರೂಪಾಯಿಯಾಗುತ್ತದೆ ಎಂದು ನಿಮ್ಮ ಪತ್ರಿಕೆಯ ಲೇಖನವೊಂದರಲ್ಲಿ ಓದಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಹಾಗೆ ಬರುವುದಿಲ್ಲ.

ಐದು ಎಲ್ಲಿಂದ ಬಂತು ಎಂದು ಊಹಿಸಬಹುದು. ಜನ ಹೆಚ್ಚುವರಿ ಆದಾಯದಲ್ಲಿ ನೂರಕ್ಕೆ 80 ಖರ್ಚು ಮಾಡಿ 20 ಉಳಿಸುತ್ತಾರೆ ಎಂದುಕೊಳ್ಳಿ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಅವರೂ ಅದರಲ್ಲಿ 80 ಭಾಗ ಖರ್ಚು ಮಾಡುತ್ತಾರೆ. ಹೀಗೆ ಕೂಡುತ್ತಾ ಹೋದರೆ ಒಟ್ಟು ಐದು ಪಟ್ಟು. ಇದಕ್ಕೆ ಗುಣಕ ಎನ್ನುತ್ತಾರೆ. 1931ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಕಾನ್ ಇದನ್ನು ಉದ್ಯೋಗದ ಲೆಕ್ಕಕ್ಕೆ ಬಳಸಿದರು, 1936ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೇನ್ಸ್ ಆದಾಯದ ಲೆಕ್ಕಕ್ಕೆ ತಂದರು. ದುಡ್ಡು ದಾರಿಯಲ್ಲಿ ಸೋರಿಹೋಗುತ್ತದೆ ಎಂಬುದನ್ನು ಕಾನ್ ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಲೇಖನದಲ್ಲಿ ಬಿಟ್ಟುಹೋಗಿದ್ದು ಅದೇ.

ಒಂದು ಉದಾಹರಣೆ ಕೊಡುತ್ತೇನೆ. ಅಂಕಿಗಳು ನಾನೇ ಇಟ್ಟುಕೊಂಡವು. ರೈತನೊಬ್ಬ ಬೆಳೆಯನ್ನು ಹೊರಗಿನವರಿಗೆ ಮಾರಿ, ಎಂದಿಗಿಂತ 10,000 ರೂಪಾಯಿ ಜಾಸ್ತಿ ಪಡೆದ. ಅದರಲ್ಲಿ 2,000 ಉಳಿಸಿದ. ಪಟ್ಟಣಕ್ಕೆ ಹೋಗಿ 3,000 ಖರ್ಚು ಮಾಡಿದ. ಊರಿನಲ್ಲಿ ಖರ್ಚಾಗಿದ್ದು 5,000. ಅದರಲ್ಲಿ 3,000 ಅಂಗಡಿಗೆ, 2,000 ಮನೆ ರಿಪೇರಿ ಮಾಡಿದ ಗಾರೆ ಕೆಲಸದವನ ಕೂಲಿಗೆ.

ಈಗ ಅಂಗಡಿಯವನನ್ನು ನೋಡಿ. ಅವನ ಗಲ್ಲಾಪೆಟ್ಟಿಗೆಗೆ 3,000 ಬಿತ್ತು ನಿಜ. ಆದರೆ ಸರಕು ಬಂದಿದ್ದು ಪಟ್ಟಣದ ಸಗಟು ವ್ಯಾಪಾರಿಯಿಂದ, ಅವನಿಗೆ 2,600 ಕೊಡಬೇಕು. ಅಂಗಡಿಯವನ ಆದಾಯ ಬರೀ 400. ಗಾರೆ ಕೆಲಸದವನಿಗಾದರೆ ಪೂರಾ 2,000 ದುಡಿಮೆಯೇ. ಅಂದರೆ ಮೊದಲ ಸುತ್ತಿನಲ್ಲಿ ಊರಿನವರ ಆದಾಯ ಹೆಚ್ಚಿದ್ದು 2,400. ರೈತನ ಪ್ರತಿ ರೂಪಾಯಿಯಲ್ಲಿ 24 ಪೈಸೆ ಊರಿನ ಇನ್ನೊಬ್ಬರ ಆದಾಯವಾಯಿತು. ಅವರೂ ಇದೇ ಪ್ರಮಾಣದಲ್ಲಿ ಖರ್ಚು ಮಾಡಿದರೆ ಮುಂದಿನ ಸುತ್ತಿಗೆ 576, ಆಮೇಲೆ 138, ಅದರ ನಂತರ 33. ಆಮೇಲಿನದು ಚಿಲ್ಲರೆ. ರೈತನದ್ದೂ ಸೇರಿ ಒಟ್ಟು ಸುಮಾರು 13,160. ಗುಣಕ ಐದಲ್ಲ, 1.3 ಅಷ್ಟೇ.

ತಪ್ಪು ಹೆಚ್ಚಾಗಿ ಆಗುವುದು ಅಂಗಡಿಯ ಹತ್ತಿರವೇ. ವಹಿವಾಟನ್ನೇ ಆದಾಯ ಅಂದುಕೊಂಡು, ಆ 3,000ವನ್ನು ಪೂರ್ತಿ ಊರಿನ ಲಾಭಕ್ಕೆ ಸೇರಿಸಿಬಿಡುತ್ತಾರೆ. ನೋಟು ಹತ್ತು ಕೈ ದಾಟಿದ್ದು ಮುಖ್ಯವಲ್ಲ, ಪ್ರತಿ ಕೈಯಲ್ಲಿ ದುಡಿಮೆಯಾಗಿ ಎಷ್ಟು ನಿಂತಿತು ಅನ್ನೋದು ಮುಖ್ಯ. ರೈತ ಊರಿನಲ್ಲಿ ಬಿಟ್ಟ 5,000 ಪೂರ್ತಿ ಕೂಲಿಗೇ ಹೋಗಿದ್ದರೆ, ಪಡೆದವರೂ ಹಾಗೆಯೇ ಖರ್ಚು ಮಾಡಿದ್ದರೆ, ಗುಣಕ ಎರಡಾಗುತ್ತಿತ್ತು. ರೈತನ ಆದಾಯ ಅದೇ, ಉಳಿತಾಯವೂ ಅದೇ. ಬದಲಾಗಿದ್ದು ದುಡ್ಡು ಯಾರ ಕೈಗೆ ಹೋಯಿತು ಎಂಬುದು ಮಾತ್ರ.

ಪಟ್ಟಣಕ್ಕೆ ಹೋದ ದುಡ್ಡೇನೂ ಮಾಯವಾಗಲಿಲ್ಲ, ಅಲ್ವಾ? ಅಲ್ಲಿ ಅದು ಇನ್ಯಾರದೋ ಆದಾಯ. ಹಾಗಾಗಿ ಇಡೀ ದೇಶಕ್ಕೆ ಲೆಕ್ಕ ಹಾಕಿದರೆ ಗುಣಕ ಊರಿನದಕ್ಕಿಂತ ದೊಡ್ಡದಾಗುತ್ತದೆ. ಆದರೆ ದೇಶದ ಮಟ್ಟದಲ್ಲೂ ಉಳಿತಾಯ, ತೆರಿಗೆ, ಆಮದು ಮೂರೂ ಒಂದಿಷ್ಟು ತಿನ್ನುತ್ತವೆ. ಉಳಿತಾಯ ಒಂದನ್ನೇ ಕಳೆದು ಬರುವ ಐದು, ಅಲ್ಲೂ ಕಾಣಸಿಗುವುದು ಕಷ್ಟ.

ಇನ್ನೊಂದು ಮಾತು. ನನ್ನ ಲೆಕ್ಕದಲ್ಲಿ ಗಾರೆ ಕೆಲಸದವನು ಕೆಲಸವಿಲ್ಲದೆ ಸುಮ್ನೆ ಕೂತಿದ್ದ ಎಂದು ಭಾವಿಸಿದ್ದೇನೆ. ಅವನಿಗೆ ಆಗಲೇ ಕೈತುಂಬ ಕೆಲಸವಿದ್ದರೆ, ರೈತನ ಮನೆಗೆ ಬರಲು ಬೇರೆಯವರ ಕೆಲಸ ಮುಂದೂಡುತ್ತಾನೆ, ಇಲ್ಲವೇ ಕೂಲಿ ಏರಿಸುತ್ತಾನೆ. ಆಗ ಊರಿನಲ್ಲಿ ನಡೆಯುವ ಕೆಲಸ ಹೆಚ್ಚುವುದಿಲ್ಲ, ರೇಟು ಹೆಚ್ಚುತ್ತದೆ. ರೈತನ ಹೆಚ್ಚುವರಿ 10,000 ಹೊರಗಿನಿಂದ ಬಾರದೆ, ಅದೇ ಊರಿನವರು ಬೆಳೆಗೆ ಜಾಸ್ತಿ ಬೆಲೆ ಕೊಟ್ಟಿದ್ದರಿಂದ ಬಂದಿದ್ದರೂ ಕಥೆ ಬೇರೆಯೇ. ಅವರು ಅಷ್ಟು ಖರ್ಚನ್ನು ಬೇರೆ ಕಡೆ ಕಡಿಮೆ ಮಾಡಿರುತ್ತಾರೆ.

ಮುಂದೆ ಇಂಥ ಅಂಕಿ ಪ್ರಕಟಿಸುವಾಗ ಅದು ಊರಿನದ್ದೋ ದೇಶದ್ದೋ, ವಹಿವಾಟಿನ ಲೆಕ್ಕವೋ ಆದಾಯದ್ದೋ ಎಂದು ಒಂದು ಸಾಲು ಸೇರಿಸಿ ಎಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ