ಕೋಪದ ನಾಲ್ಕು ಗೆರೆಗಳು

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ವರ್ಷದ ಕೊನೆಯ ವಿಡಿಯೊಗಾಗಿ ಕ್ಷಮೆಯ ಬಗ್ಗೆ ನೀನು ಬರೆದು ಕಳುಹಿಸಿದ್ದನ್ನು ಓದಿದೆ. "ಎಲ್ಲ ಧರ್ಮಗಳೂ ಕ್ಷಮಿಸು ಎಂದೇ ಹೇಳುತ್ತವೆ" ಎಂಬ ಮೊದಲ ವಾಕ್ಯವನ್ನು ತೆಗೆದುಬಿಡು. ಯಾರು ಕೇಳಬೇಕು, ಏನು ಮಾಡಿದ ಮೇಲೆ ಕೇಳಬೇಕು, ಯಾವಾಗ ಕೊಡಬಾರದು ಎಂಬಲ್ಲಿ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ನಿನ್ನ ವಿಡಿಯೊಗೆ ಹುರುಳು ಸಿಗುವುದು ಅಲ್ಲಿಯೇ.

ಜೈನರಿಂದ ಆರಂಭಿಸು. ಕೋಪ ಎಷ್ಟು ಕಾಲ ಉಳಿಯುತ್ತದೆ ಎಂಬುದರ ಮೇಲೆ ಅವರ ಶಾಸ್ತ್ರವು ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ನೀರಿನ ಮೇಲಿನ ಗೆರೆ, ಮರಳಿನ ಮೇಲಿನ ಗೆರೆ, ನೆಲದಲ್ಲಿ ಬಿಟ್ಟ ಬಿರುಕು, ಬಂಡೆಯಲ್ಲಿ ಬಿಟ್ಟ ಬಿರುಕು ಎಂಬುದು ಅವರದೇ ಉಪಮಾನ. ಶ್ವೇತಾಂಬರರ ಲೆಕ್ಕದಲ್ಲಿ ಮೊದಲನೆಯದು ಹದಿನೈದು ದಿನ, ಎರಡನೆಯದು ನಾಲ್ಕು ತಿಂಗಳು, ಮೂರನೆಯದು ಒಂದು ವರ್ಷ. ಅದನ್ನೂ ದಾಟಿದ್ದು ಅನಂತಾನುಬಂಧಿ, ಅಂದರೆ ಜನ್ಮಾಂತರಕ್ಕೂ ಬೆನ್ನು ಬಿಡದ ಕೋಪ. ದ್ವೇಷವು ವರ್ಷದ ಗಡಿ ದಾಟಬಾರದೆಂದೇ ಭಾದ್ರಪದದ ಸಂವತ್ಸರಿಯಂದು ಅವರು ಒಬ್ಬರಿಗೊಬ್ಬರು "ಮಿಚ್ಛಾಮಿ ದುಕ್ಕಡಂ", ಅಂದರೆ ನಾನು ಮಾಡಿದ ತಪ್ಪು ಇಲ್ಲವಾಗಲಿ, ಎನ್ನುತ್ತಾರೆ. ನಮ್ಮ ಕಡೆಯ ದಿಗಂಬರರು ದಶಲಕ್ಷಣ ಪರ್ವದ ಮೊದಲ ದಿನವನ್ನು ಉತ್ತಮ ಕ್ಷಮೆಗೆ ಮೀಸಲಿಟ್ಟು, ಪರ್ವ ಮುಗಿದ ಮೇಲೆ ಕ್ಷಮಾವಣಿ ಆಚರಿಸುತ್ತಾರೆ. ಆ ನಾಲ್ಕು ಗೆರೆಗಳನ್ನು ಮಾತಿನಲ್ಲಿ ವಿವರಿಸುವ ಬದಲು ಚಿತ್ರೀಕರಿಸಿ ತೋರಿಸು.

ಆದರೆ ಈಗ ಆ "ಮಿಚ್ಛಾಮಿ ದುಕ್ಕಡಂ" ಒಂದೇ ಸಂದೇಶವಾಗಿ ಫೋನಿನಲ್ಲಿರುವ ಎಲ್ಲರಿಗೂ ಹೋಗುತ್ತದೆ. ನಿಜವಾಗಿ ನೊಂದವನಿಗೂ, ಹಾಲಿನವನಿಗೂ ಅದೇ ಸಾಲು. ಇದಕ್ಕೆ ಎದುರಾಗಿ ಯಹೂದಿಗಳ ನಿಯಮವನ್ನು ಇಡು. ಮನುಷ್ಯನಿಗೆ ಮಾಡಿದ ತಪ್ಪನ್ನು, ಆ ಮನುಷ್ಯನನ್ನೇ ಸಮಾಧಾನಪಡಿಸುವ ತನಕ, ಅವರ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನ ಉಪವಾಸ ಪ್ರಾರ್ಥನೆಗಳೂ ತೊಳೆಯಲಾರವು ಎಂದು ಅವರ ಹಳೆಯ ಧರ್ಮಸಂಹಿತೆ ಮಿಶ್ನಾ ಹೇಳುತ್ತದೆ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಇದಕ್ಕೆ ಕ್ರಮವನ್ನೇ ಹಾಕಿಕೊಟ್ಟ: ತೆಗೆದುಕೊಂಡ ಹಣವನ್ನು ಮರಳಿಸಿದರೂ ಕ್ಷಮೆ ಕೇಳಲೇಬೇಕು, ನೊಂದವನು ಒಪ್ಪದಿದ್ದರೆ ಅವನ ಗೆಳೆಯರಲ್ಲಿ ಮೂವರನ್ನು ಕರೆದುಕೊಂಡು ಹೋಗಬೇಕು, ಹೀಗೆ ಮೂರು ಸಲ, ಆಮೇಲೂ ಮನಸ್ಸು ಕರಗದಿದ್ದರೆ ಬಿಟ್ಟು ಬರಬಹುದು, ಆಗ ಪಾಪ ಒಪ್ಪದವನದು. ನೊಂದವನು ತೀರಿಕೊಂಡಿದ್ದರೆ ಹತ್ತು ಜನರೊಡನೆ ಸಮಾಧಿಯ ಬಳಿ ಹೋಗಿ ತಪ್ಪೊಪ್ಪಿಕೊಳ್ಳಬೇಕು.

ಏಸುವು ಪೇತ್ರನಿಗೆ ಹೇಳಿದ "ಏಳೆಪ್ಪತ್ತು ಸಲ" ಎಲ್ಲರಿಗೂ ಗೊತ್ತಿರುವುದರಿಂದ ಅದಕ್ಕೆ ಒಂದು ಸಾಲು ಸಾಕು. ಉಳಿದ ಸಮಯವನ್ನು ದ್ರೌಪದಿಗೆ ಕೊಡು. ವನಪರ್ವದಲ್ಲಿ ಅವಳು ಪ್ರಹ್ಲಾದನು ಮೊಮ್ಮಗ ಬಲಿಗೆ ಹೇಳಿದ ಮಾತನ್ನು ಧರ್ಮರಾಯನ ಮುಂದಿಡುತ್ತಾಳೆ: ಸದಾ ಕೋಪವೂ ಒಳ್ಳೆಯದಲ್ಲ, ಸದಾ ಕ್ಷಮೆಯೂ ಒಳ್ಳೆಯದಲ್ಲ. ಹಿಂದೆ ಉಪಕಾರ ಮಾಡಿದವನನ್ನೂ, ತಿಳಿಯದೆ ತಪ್ಪಿದವನನ್ನೂ ಕ್ಷಮಿಸಬೇಕು. ಬೇಕೆಂದೇ ಮಾಡಿ "ಗೊತ್ತಿರಲಿಲ್ಲ" ಎನ್ನುವವನನ್ನು, ತಪ್ಪು ಚಿಕ್ಕದಾದರೂ ದಂಡಿಸಬೇಕು. ಧರ್ಮರಾಯ ಒಪ್ಪದೆ ಕ್ಷಮೆಯನ್ನೇ ಹೊಗಳುತ್ತಾನೆ. ನನಗೆ ದ್ರೌಪದಿಯ ಮಾತೇ ಹೆಚ್ಚು ಸರಿಯೆನಿಸುತ್ತದೆ, ಆದರೂ ನೀನು ತೀರ್ಪು ಕೊಡಲು ಹೋಗದೆ ಇಬ್ಬರ ಮಾತನ್ನೂ ಪೂರ್ತಿಯಾಗಿ ಕೇಳಿಸು.

ಕೊನೆಯಲ್ಲಿ ನೀನು ಬರೆದಿರುವ "ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಎಲ್ಲರೂ ಕ್ಷಮಿಸಿ" ಎಂಬ ಸಾಲು ಇಷ್ಟೆಲ್ಲ ಹೇಳಿದ ಮೇಲೆ ನಿಲ್ಲುವುದಿಲ್ಲ. ಅದನ್ನೂ ತೆಗೆದು ತಿದ್ದಿದ ಪ್ರತಿಯನ್ನು ಕಳುಹಿಸು.

ಇಂತಿ,
ನಿನ್ನ ದೊಡ್ಡಪ್ಪ