ಕೆಜಿಗೆ ಎಷ್ಟು ಬಿತ್ತು ಅಂತ ಕಪಾಟಿನಲ್ಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮೂರಿನ ಸೂಪರ್ ಮಾರ್ಕೆಟ್ ಒಂದರಲ್ಲಿ ಚಹಾಪುಡಿ ತಗೊಳ್ಳೋಕೆ ನಿಂತಿದ್ದೆ. ಒಂದೇ ಕಂಪನಿಯ ಒಂದೇ ಪುಡಿ. 250 ಗ್ರಾಂ, 500 ಗ್ರಾಂ, 1 ಕೆಜಿ ಎಂದು ಮೂರು ಅಳತೆ. ಇಷ್ಟು ವರ್ಷ ನಾನು ಯೋಚನೆ ಮಾಡದೆ ದೊಡ್ಡದನ್ನೇ ಎತ್ತಿಕೊಳ್ಳುತ್ತಿದ್ದೆ. ದೊಡ್ಡ ಪ್ಯಾಕೆಟ್ ಅಂದರೆ ಅಗ್ಗ ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಅಲ್ವಾ? ಅವತ್ತು ಪಕ್ಕದಲ್ಲಿದ್ದ ಹಿರಿಯರೊಬ್ಬರು "ಅಮ್ಮಾ, ಸಣ್ಣದು ನಾಲ್ಕು ತಗೊಳ್ಳಿ, ಅದೇ ಕಡಿಮೆ ಬೀಳುತ್ತೆ" ಎಂದರು. ನಂಬಿಕೆ ಬರಲಿಲ್ಲ. ಚೀಟಿಯ ಹಿಂದೆ ಲೆಕ್ಕ ಹಾಕಿ ನೋಡಿದೆ.

| ಪ್ಯಾಕೆಟ್ | ಎಂಆರ್‌ಪಿ | ಅಂಗಡಿ ಬೆಲೆ | ಕೆಜಿಗೆ ಬಿದ್ದದ್ದು |
|---|---|---|---|
| 250 ಗ್ರಾಂ | 145 ರೂ. | 130 ರೂ. | 520 ರೂ. |
| 500 ಗ್ರಾಂ | 290 ರೂ. | 278 ರೂ. | 556 ರೂ. |
| 1 ಕೆಜಿ | 560 ರೂ. | 545 ರೂ. | 545 ರೂ. |

ಹಿರಿಯರ ಮಾತು ನಿಜವಾಗಿತ್ತು. ಸಣ್ಣ ಪ್ಯಾಕೆಟ್ ನಾಲ್ಕು ತಗೊಂಡರೆ 1 ಕೆಜಿ ಪ್ಯಾಕೆಟ್‌ಗಿಂತ 25 ರೂಪಾಯಿ ಕಡಿಮೆ. ಎಲ್ಲಕ್ಕಿಂತ ದುಬಾರಿ ಬಿದ್ದದ್ದು ನಡುವಿನ ಅರ್ಧ ಕೆಜಿ.

ಈ ಲೆಕ್ಕ ಗ್ರಾಹಕರೇ ಹಾಕಬೇಕಾಗಿಲ್ಲ ಎಂದು ಕಾನೂನೇ ಹೇಳುತ್ತದೆ. ಪೊಟ್ಟಣದ ಸರಕುಗಳ ಬಗ್ಗೆ 2011ರ ಕಾನೂನು ಮಾಪನ ನಿಯಮಗಳಿವೆ. ಅವಕ್ಕೆ 2021ರಲ್ಲಿ ತಿದ್ದುಪಡಿ ಬಂತು. ಅದಕ್ಕೂ ಮೊದಲು ಚಹಾ, ಬಿಸ್ಕತ್ತು, ಅಡುಗೆ ಎಣ್ಣೆಯಂಥ ಸಾಮಾನನ್ನು ನಿಗದಿ ಮಾಡಿದ ಅಳತೆಗಳಲ್ಲೇ ಪ್ಯಾಕ್ ಮಾಡಬೇಕಿತ್ತು. ತಿದ್ದುಪಡಿ ಆ ಪಟ್ಟಿಯನ್ನು ತೆಗೆದುಹಾಕಿತು. ಈಗ ಕಂಪನಿ ತನಗೆ ಬೇಕಾದ ತೂಕದಲ್ಲಿ ಮಾರಬಹುದು. ಅದಕ್ಕೆ ಬದಲಾಗಿ ಎಂಆರ್‌ಪಿಯ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಎಂದು ಪ್ಯಾಕೆಟ್ ಮೇಲೆ ಅಚ್ಚು ಹಾಕಲೇಬೇಕು. ಪ್ಯಾಕೆಟ್‌ಗಳಲ್ಲಿ ಯುಎಸ್‌ಪಿ ಎಂದು ಕಾಣುವುದು ಇದೇ.

ಒಳ್ಳೆಯ ನಿಯಮ. ಆದರೆ ಅಂಗಡಿಯಲ್ಲಿ ನಿಂತು ನೋಡಿದರೆ ಅದು ನಮ್ಮ ಕೈಗೆ ಸಿಗುತ್ತಿಲ್ಲ. ನನ್ನ ಚಹಾಪುಡಿಯನ್ನೇ ತಗೊಳ್ಳಿ. 250 ಗ್ರಾಂ ಮೇಲೆ "ಗ್ರಾಂಗೆ 0.58" ಎಂದಿತ್ತು. 500 ಗ್ರಾಂ ಮೇಲೂ 0.58. 1 ಕೆಜಿ ಮೇಲೆ ಬೇರೆ ದರವೇ ಇರಲಿಲ್ಲ. ಎಂಆರ್‌ಪಿಯೇ ಕೆಜಿ ದರವಾದಾಗ ಮತ್ತೆ ಬರೆಯಬೇಕಿಲ್ಲ ಎಂಬ ವಿನಾಯಿತಿ ಇದೆ. 0.58 ಎಂದರೆ ಕೆಜಿಗೆ 580, ದೊಡ್ಡದು 560. ಹಾಗಾಗಿ ಅಚ್ಚಾದ ದರ ನಂಬಿ ಹೊರಟರೆ 1 ಕೆಜಿಯದ್ದೇ ಅಗ್ಗ ಅನ್ನಿಸುತ್ತದೆ. ನಾನು ಕೌಂಟರ್‌ನಲ್ಲಿ ಕೊಡುವ ಹಣದ ಪ್ರಕಾರ ಅದು ತಪ್ಪು. ಏಕೆಂದರೆ ಕಂಪನಿ ಅಚ್ಚು ಹಾಕುವುದು ಎಂಆರ್‌ಪಿಯ ಮೇಲಿನ ದರ. ಅಂಗಡಿಯವರು ಯಾವ ಪ್ಯಾಕೆಟ್‌ಗೆ ಎಷ್ಟು ಬಿಡುತ್ತಾರೆ ಎಂಬುದು ಆ ಅಚ್ಚಿಗೆ ಗೊತ್ತಿರುವುದಿಲ್ಲ.

ಇನ್ನೊಂದು ತೊಂದರೆ ಪೈಸೆಯದ್ದು. 1 ಕೆಜಿಗಿಂತ ಕಡಿಮೆ ಇದ್ದರೆ ದರವನ್ನು ಗ್ರಾಂ ಲೆಕ್ಕದಲ್ಲಿ, ಹೆಚ್ಚಿದ್ದರೆ ಕೆಜಿ ಲೆಕ್ಕದಲ್ಲಿ ಹಾಕಬೇಕು. ದಶಮಾಂಶದ ನಂತರ ಎರಡೇ ಅಂಕಿ. ಅಗ್ಗದ ಸಾಮಾನಿಗೆ ಇದು ಸಾಲುವುದಿಲ್ಲ. ನಾನು ನೋಡಿದ ಅವಲಕ್ಕಿ 500 ಗ್ರಾಂಗೆ 32 ರೂಪಾಯಿ, ಅದರದ್ದೇ 400 ಗ್ರಾಂ ಪ್ಯಾಕೆಟ್ 23 ರೂಪಾಯಿ. ಎರಡರ ಮೇಲೂ ಗ್ರಾಂಗೆ 0.06 ಎಂದೇ ಇದೆ. ಬಿಡಿಸಿ ನೋಡಿದರೆ ಮೊದಲನೆಯದು ಕೆಜಿಗೆ 64 ರೂಪಾಯಿ, ಎರಡನೆಯದು 57 ರೂಪಾಯಿ 50 ಪೈಸೆ. ಕೆಜಿಗೆ ಆರೂವರೆ ರೂಪಾಯಿ ವ್ಯತ್ಯಾಸ ಆ 0.06ರಲ್ಲೇ ಮುಚ್ಚಿಹೋಗಿದೆ. ಯಾರೂ ಮೋಸ ಮಾಡಿಲ್ಲ, ನಿಯಮದಂತೆಯೇ ಬರೆದಿದ್ದಾರೆ. ಆದರೆ ಆ ಅಂಕಿ ಹೋಲಿಸಲು ಬರುವುದಿಲ್ಲ.

ಅಡುಗೆ ಎಣ್ಣೆ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಸೂರ್ಯಕಾಂತಿ ಎಣ್ಣೆಯ 1 ಲೀಟರ್ ಪೊಟ್ಟಣದಲ್ಲಿ ಸುಮಾರು 910 ಗ್ರಾಂ ಇರುತ್ತದೆ. ಅದರ ಪಕ್ಕದಲ್ಲೇ ಅದೇ ಬಣ್ಣದ, ನೋಡೋಕೆ ಅಷ್ಟೇ ಉದ್ದದ 750 ಗ್ರಾಂ ಪೊಟ್ಟಣ ಇಟ್ಟಿರುತ್ತಾರೆ. ಮೊದಲನೆಯದು 152 ರೂಪಾಯಿ, ಎರಡನೆಯದು 132. ಅವಸರದಲ್ಲಿ ಇರುವವರು 20 ರೂಪಾಯಿ ಉಳಿಯಿತು ಎಂದುಕೊಂಡು ಎರಡನೆಯದನ್ನು ತಗೊಳ್ಳುತ್ತಾರೆ. ಲೆಕ್ಕ ಹಾಕಿದರೆ ಮೊದಲನೆಯದು ಕೆಜಿಗೆ 167, ಎರಡನೆಯದು 176. ಅಲ್ಲೇ 4.55 ಕೆಜಿ ತೂಗುವ 5 ಲೀಟರ್ ಕ್ಯಾನ್ ಇತ್ತು, 790 ರೂಪಾಯಿ. ಕೆಜಿಗೆ ಸುಮಾರು 174 ಆಯಿತು. 1 ಲೀಟರ್‌ನ ಐದು ಪೊಟ್ಟಣ 760ಕ್ಕೇ ಬರುತ್ತವೆ.

ಎಣ್ಣೆಯನ್ನು ಯಾವಾಗಲೂ ತೂಕದಿಂದಲೇ ಹೋಲಿಸಬೇಕು. ಬಿಸಿ ಏರಿದರೆ ಎಣ್ಣೆ ಹಿಗ್ಗುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. 1 ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಹೀಗಾಗಿ 60 ಡಿಗ್ರಿಯ ಅಳತೆ ಎಂದು ಬರೆದು ಕಡಿಮೆ ಎಣ್ಣೆ ತುಂಬಿದರೂ ಪೊಟ್ಟಣದ ಮೇಲೆ 1 ಲೀಟರ್ ಎಂದೇ ಇರುತ್ತಿತ್ತು. ಉಷ್ಣಾಂಶ ಬರೆಯುವುದನ್ನು ಬಿಟ್ಟು, ಲೀಟರ್ ಜೊತೆ ಸರಿಯಾದ ತೂಕವನ್ನೂ ಹಾಕಿ ಎಂದು ಕೇಂದ್ರ ಸರ್ಕಾರ 2022ರಲ್ಲಿ ಕಂಪನಿಗಳಿಗೆ ಹೇಳಬೇಕಾಯಿತು. ಆ ತೂಕ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದರೂ ಹುಡುಕಿ ನೋಡಿ.

ಈಗ ನಾನು ದಿನಸಿ ಚೀಟಿಯ ಹಿಂದೆ ನಾಲ್ಕು ಕಾಲಮ್ ಗೆರೆ ಹಾಕಿಕೊಂಡೇ ಹೋಗುತ್ತೇನೆ. ಸಾಮಾನು, ತೂಕ, ನಾವು ಕೊಡುವ ಬೆಲೆ, ಕೆಜಿಗೆ ಎಷ್ಟು. ಬೆಲೆಯನ್ನು ಗ್ರಾಂನಿಂದ ಭಾಗಿಸಿ 1000ದಿಂದ ಗುಣಿಸಿದರೆ ಆಯಿತು. ಬಾಯಿಲೆಕ್ಕಕ್ಕೆ 250 ಗ್ರಾಂ ಆದರೆ ನಾಲ್ಕರಿಂದ, 200 ಆದರೆ ಐದರಿಂದ, 400 ಆದರೆ ಎರಡೂವರೆಯಿಂದ ಗುಣಿಸುತ್ತೇನೆ. "25% ಹೆಚ್ಚು" ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿವ್ವಳ ತೂಕ ಮಾತ್ರ. ಎಲ್ಲಾ ಸಾಮಾನಿಗೂ ಇದನ್ನು ಮಾಡುವುದಿಲ್ಲ. ತಿಂಗಳಿಗೆ ಜಾಸ್ತಿ ಹಣ ಹೋಗುವ ಎಣ್ಣೆ, ಬೇಳೆ, ಚಹಾ, ಸೋಪಿನ ಪುಡಿಗೆ ಮಾಡಿದರೆ ಸಾಕು.

ಈ ಪಟ್ಟಿಗೂ ಮಿತಿ ಇದೆ. ಒಂದೇ ದರ್ಜೆಯ ಒಂದೇ ಸಾಮಾನನ್ನು ಮಾತ್ರ ಹೋಲಿಸಬೇಕು. ಪಾಲಿಶ್ ಮಾಡಿದ ಬೇಳೆಯ ಪಕ್ಕ ಮಾಡದ ಬೇಳೆ ಇಟ್ಟು ಯಾವುದು ಅಗ್ಗ ಅಂದರೆ ಅರ್ಥವಿಲ್ಲ. ಇಬ್ಬರೇ ಇರುವ ಮನೆಗೆ 1 ಕೆಜಿ ಚಹಾಪುಡಿ ತಂದು, ಒಡೆದಿಟ್ಟು ಪರಿಮಳ ಹೋದರೆ ಉಳಿತಾಯವೂ ಅದರ ಜೊತೆ ಹೋಯಿತು. ಈ ತಿಂಗಳ ಲೆಕ್ಕ ಮುಂದಿನ ತಿಂಗಳಿಗೆ ನಡೆಯುವುದೂ ಇಲ್ಲ, ರಿಯಾಯಿತಿ ಒಂದು ವಾರ ಸಣ್ಣದಕ್ಕೆ, ಇನ್ನೊಂದು ವಾರ ದೊಡ್ಡದಕ್ಕೆ ಇರುತ್ತದೆ.

ಅದಕ್ಕೇ ಈ ಪತ್ರ. ಓದು ಬರದ ಅಜ್ಜಿ, ಮಗುವನ್ನು ಎತ್ತಿಕೊಂಡು ಬಂದ ತಾಯಿ ಅಂಗಡಿಯಲ್ಲಿ ನಿಂತು ಭಾಗಾಕಾರ ಮಾಡೋಕಾಗುತ್ತಾ? ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಬಂದ ನಿಯಮದಂತೆ ದೊಡ್ಡ ದಿನಸಿ ಮಳಿಗೆಗಳು ಕಪಾಟಿನ ಚೀಟಿಯಲ್ಲೇ ಮಾರುವ ಬೆಲೆಯ ಪಕ್ಕ ಅಳತೆವಾರು ದರವನ್ನೂ ಹಾಕಬೇಕು. ನಮ್ಮ ಮಳಿಗೆಗಳ ಚೀಟಿಗಳೂ ಕಂಪ್ಯೂಟರ್‌ನಿಂದಲೇ ಬರುತ್ತವೆ. ಅದರಲ್ಲಿ ರಿಯಾಯಿತಿ ಕಳೆದ ಬೆಲೆಗೆ ಕೆಜಿಗೆ ಎಷ್ಟು ಎಂಬ ಒಂದು ಸಾಲು ಸೇರಿಸಿದರೆ ನಮ್ಮ ಕೆಲಸ ಮುಗಿಯಿತು. ಮಳಿಗೆಯವರು ಇದನ್ನು ತಾವಾಗಿಯೇ ಶುರು ಮಾಡಬಹುದು. ಪ್ಯಾಕೆಟ್ ಸಣ್ಣದಿರಲಿ ದೊಡ್ಡದಿರಲಿ ದರವನ್ನು ಕೆಜಿ ಲೆಕ್ಕದಲ್ಲೇ ಹಾಕಿಸುವ ತಿದ್ದುಪಡಿ ಮಾತ್ರ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯಿಂದಲೇ ಬರಬೇಕು. ಅಲ್ಲಿಯವರೆಗೆ, ದರವೇ ಅಚ್ಚಾಗದ ಪ್ಯಾಕೆಟ್ ಕಂಡರೆ ಓದುಗರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲಿ.

ಇಂತಿ,
ಒಬ್ಬ ಗೃಹಿಣಿ, ದಾವಣಗೆರೆ