ಮಗಳಿಗೊಂದು ಪತ್ರ: ಪ್ರೀತಿ ತಾನಾಗಿ ಆಗುತ್ತಾ, ನಾವೇ ಮಾಡೋದಾ?

ಪುಟ್ಟೀ,

ನಿನ್ನ ಪ್ರಶ್ನೆಗೆ ಅವತ್ತು ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ನಿಮ್ಮತ್ತೆ ಪಕ್ಕದಲ್ಲೇ ಕೂತಿದ್ದರು. ಅವರೆದುರು ಈ ಮಾತು ಎತ್ತಿದ್ದರೆ ಛತ್ರ ಬುಕ್ ಮಾಡಿಸಿಯೇ ಏಳುತ್ತಿದ್ದರು, ನಿನಗೇ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಪುರುಸೊತ್ತಾದಾಗ ಓದು.

"ಹುಡುಗ ಒಳ್ಳೆಯವನೇ ಅಮ್ಮಾ, ಮಾತಾಡಿದ್ರೆ ಬೇಜಾರೂ ಆಗಲ್ಲ, ಆದ್ರೆ ನಂಗೇನೂ ಅನ್ನಿಸ್ತಿಲ್ಲ. ಅನ್ನಿಸಬೇಕಲ್ವಾ? ಇಲ್ಲಾ ಇವನನ್ನ ಪ್ರೀತಿಸ್ತೀನಿ ಅಂತ ನಾನೇ ತೀರ್ಮಾನ ಮಾಡ್ಕೋಬೇಕಾ?" ಇಷ್ಟೇ ಅಲ್ವಾ ನೀನು ಕೇಳಿದ್ದು? ಪಿಯು ಮಕ್ಕಳಿಗೆ ತರ್ಕಶಾಸ್ತ್ರ ಹೇಳಿಕೊಟ್ಟವಳು ನಾನು. ಇರುವುದು ಎರಡೇ ದಾರಿ ಅಂತ ಯಾರಾದರೂ ಅಂದರೆ ಮೊದಲು ಮೂರನೆಯದು ಇದೆಯಾ ಅಂತ ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಇಲ್ಲೂ ಇದೆ.

ಮೊದಲು ಸುಲಭದ ಭಾಗ. ತೀರ್ಮಾನ ಮಾಡಿಕೊಂಡು ಪ್ರೀತಿಸುವುದಕ್ಕೆ ಆಗುವುದಿಲ್ಲ. ಹೊರಗೆ ಜೋರು ಮಳೆ ಬರುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ 'ಮಳೆ ಇಲ್ಲ ಅಂತ ನಂಬು, ಸಾವಿರ ರೂಪಾಯಿ ಕೊಡ್ತೀನಿ' ಅಂದರೆ ನೀನು ನಂಬುವ ಹಾಗೆ ನಟಿಸಬಹುದು, ನಂಬುವುದಕ್ಕಾಗಲ್ಲ. ಪ್ರೀತಿಯೂ ಅಷ್ಟೇ. ಜರ್ಮನಿಯ ತತ್ವಶಾಸ್ತ್ರಜ್ಞ ಇಮ್ಯಾನುಯೆಲ್ ಕಾಂಟ್ ಕರ್ತವ್ಯದ ಬಗ್ಗೆ ಎಷ್ಟು ಕಟ್ಟುನಿಟ್ಟಿನ ಮನುಷ್ಯ ಅಂದರೆ, ಪ್ರೀತಿಯನ್ನೂ ಕರ್ತವ್ಯದ ಪಟ್ಟಿಗೆ ಸೇರಿಸಿರುತ್ತಾನೆ ಅಂತಲೇ ನಾವು ಅಂದುಕೊಳ್ಳುತ್ತೇವೆ. ಆದರೆ 1797ರಲ್ಲಿ ಅವನು ಬರೆದದ್ದೇ ಬೇರೆ. ಪ್ರೀತಿ ಅನ್ನುವುದು ಭಾವನೆ, ಅದು ಇಚ್ಛೆಯ ಮಾತು ಕೇಳುವುದಿಲ್ಲ, ಪ್ರೀತಿಸಲೇಬೇಕು ಅಂತ ಯಾರಿಗೂ ಕಟ್ಟಳೆ ಹಾಕಲಾಗದು ಅಂದ. ಅದರ ಜೊತೆಗೇ ಇನ್ನೊಂದು ಮಾತು ಸೇರಿಸಿದ. ಒಬ್ಬರಿಗೆ ಒಳ್ಳೆಯದು ಮಾಡುವುದು ನಮ್ಮ ಕೈಯಲ್ಲಿದೆ, ಅದನ್ನು ಮತ್ತೆ ಮತ್ತೆ ಮಾಡುತ್ತಾ ಹೋದವನಿಗೆ ಕೊನೆಗೆ ಆ ಮನುಷ್ಯನ ಮೇಲೆ ನಿಜವಾಗಿಯೇ ಪ್ರೀತಿ ಹುಟ್ಟುತ್ತದೆ ಅಂತ. ಮೂರನೇ ದಾರಿ ಅಂದೆನಲ್ಲ, ಅದರ ಬಾಗಿಲು ಇಲ್ಲಿದೆ. ಪ್ರೀತಿ ನಮ್ಮ ಆಯ್ಕೆಯಲ್ಲ. ಆದರೆ ಯಾವುದರ ಹತ್ತಿರ ಇರುತ್ತೇವೆ, ಏನು ಮಾಡುತ್ತೇವೆ, ಯಾವುದನ್ನು ಗಮನಿಸುತ್ತೇವೆ ಅನ್ನುವುದು ಬಹಳ ಮಟ್ಟಿಗೆ ನಮ್ಮದೇ.

ಇನ್ನು ನಿನ್ನ 'ಏನೂ ಅನ್ನಿಸ್ತಿಲ್ಲ'ದ ಕಡೆ ಬರೋಣ. ಅನ್ನಿಸುವುದು ಅಂದರೆ ಎದೆ ಡವಡವ, ಅಂಗೈ ಬೆವರು, ಇದೇ ತಾನೇ? ಹಾಗಾದರೆ ಒಂದು ಸೇತುವೆಯ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಓದಿಬಿಡು.

ಕೆನಡಾದಲ್ಲಿ ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೋ ಅಂತ ಒಂದು ತೂಗುಸೇತುವೆ ಇದೆ. 450 ಅಡಿ ಉದ್ದ, ಅಗಲ ಬರೀ ಐದಡಿ. ಕೆಳಗೆ 230 ಅಡಿ ಆಳದಲ್ಲಿ ಬಂಡೆ, ಹೊಳೆ. ಹೆಜ್ಜೆ ಇಟ್ಟರೆ ಓಲಾಡುತ್ತದೆ, ಹಿಡಿಯಲು ಇರುವ ತಂತಿಯೂ ತೀರಾ ತಗ್ಗಿನಲ್ಲಿದೆ. ಡಾನಲ್ಡ್ ಡಟನ್ ಮತ್ತು ಆರ್ಥರ್ ಆರನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿ ಒಂದು ಪ್ರಯೋಗ ಮಾಡಿ 1974ರಲ್ಲಿ ಪ್ರಕಟಿಸಿದರು. ಸೇತುವೆ ದಾಟುತ್ತಿದ್ದ ಗಂಡಸರನ್ನು ಒಬ್ಬ ಹೆಂಗಸು ಮಾತಾಡಿಸುತ್ತಾಳೆ. ಏನೋ ಅಧ್ಯಯನ ಮಾಡುತ್ತಿದ್ದೇನೆ ಅಂತ ಒಂದಷ್ಟು ಪ್ರಶ್ನೆ ಕೇಳಿ, ಒಂದು ಚಿತ್ರ ತೋರಿಸಿ ಅದಕ್ಕೊಂದು ಚಿಕ್ಕ ಕಥೆ ಬರೆಸುತ್ತಾಳೆ. ಆಮೇಲೆ ಹಾಳೆಯ ಮೂಲೆ ಹರಿದು, ಹೆಚ್ಚಿನ ವಿವರ ಬೇಕಾದರೆ ಫೋನ್ ಮಾಡಿ ಅಂತ ನಂಬರ್ ಬರೆದು ಕೊಡುತ್ತಾಳೆ. ಇದನ್ನೇ ಆ ಹೊಳೆಗೆ ಸೇರುವ ಒಂದು ಚಿಕ್ಕ ತೊರೆಯ ಮೇಲಿನ ಇನ್ನೊಂದು ಸೇತುವೆಯಲ್ಲೂ ಮಾಡಿದರು. ಅದು ದಪ್ಪ ಮರದ್ದು, ನೀರಿಗಿಂತ ಹತ್ತಡಿ ಮೇಲೆ, ಅಲುಗಾಡುವುದಿಲ್ಲ. ಗಟ್ಟಿ ಸೇತುವೆಯಲ್ಲಿ ನಂಬರ್ ತೆಗೆದುಕೊಂಡ 16 ಜನರಲ್ಲಿ ಫೋನ್ ಮಾಡಿದ್ದು ಇಬ್ಬರು. ಓಲಾಡುವ ಸೇತುವೆಯಲ್ಲಿ 18 ಜನರಲ್ಲಿ 9.

ಅಂದರೆ ಭಯಕ್ಕೆ ಎದೆ ಹೊಡೆದುಕೊಂಡಿದ್ದನ್ನು ಅವರಲ್ಲಿ ಕೆಲವರು 'ಓ, ಈ ಹುಡುಗಿಯಿಂದ' ಅಂತ ಅಂದುಕೊಂಡರು ಅನ್ನುವುದು ಇವರ ವಿವರಣೆ. ಪಾಪ, ಅವರಿಗೂ ಅದು 'ತಾನಾಗಿ ಆಗಿದ್ದೇ'.

ಇಲ್ಲಿ ಒಂದು ತಕರಾರು ಎತ್ತಬೇಕು, ಕ್ಲಾಸಿನಲ್ಲಿ ಯಾರೂ ಎತ್ತದಿದ್ದರೆ ನಾನೇ ಎತ್ತುತ್ತಿದ್ದೆ. ಅಂಥ ಸೇತುವೆ ಹತ್ತುವವರೇ ಧೈರ್ಯಸ್ಥರಿರಬಹುದು, ಗೊತ್ತಿಲ್ಲದ ಹೆಣ್ಣಿಗೆ ಫೋನ್ ಮಾಡುವುದಕ್ಕೂ ಅದೇ ಧೈರ್ಯ ಬೇಕು. ಹಾಗಿದ್ದರೆ ಸೇತುವೆ ಏನೂ ಮಾಡಲಿಲ್ಲ ಅಂತಾಯಿತು, ಅಲ್ವಾ? ಈ ಅನುಮಾನ ಪ್ರಯೋಗ ಮಾಡಿದವರಿಗೂ ಬಂತು. ಅದಕ್ಕೇ ಓಲಾಡುವ ಸೇತುವೆ ಹತ್ತಿದವರನ್ನೇ ಎರಡು ಗುಂಪು ಮಾಡಿದರು. ಕೆಲವರನ್ನು ಸೇತುವೆಯ ಮೇಲೇ ಮಾತಾಡಿಸಿದರು, ಇನ್ನು ಕೆಲವರನ್ನು ದಾಟಿಯಾಗಿ ಹತ್ತು ನಿಮಿಷ ಸುಧಾರಿಸಿಕೊಂಡ ಮೇಲೆ. ಆಗಲೂ ಸೇತುವೆಯ ಮೇಲೆ ಸಿಕ್ಕವರೇ ಜಾಸ್ತಿ ಫೋನ್ ಮಾಡಿದರು. ಜನ ಅದೇ ಬಗೆಯವರು, ಎದೆ ತಣ್ಣಗಾಗಿತ್ತು, ಅಷ್ಟೇ ವ್ಯತ್ಯಾಸ.

ಇದೆಲ್ಲ ಪ್ರೀತಿಯಲ್ಲ, ಬರೀ ಸೆಳೆತ ಅಂತೀಯಾ. ಸರಿ, ಒಪ್ಪುತ್ತೇನೆ. ಆದರೆ ನಿನಗೆ ಈಗ ಇಲ್ಲ ಅಂತ ಚಿಂತೆಯಾಗಿರುವುದೂ ಆ ಸೆಳೆತವೇ. ಮಾಲ್‌ನ ಏಸಿಯಲ್ಲಿ, ಎರಡೂ ಮನೆಯವರು ಮನೆಯಲ್ಲಿ ಕೂತು ರಿಸಲ್ಟ್‌ಗೆ ಕಾಯುತ್ತಿರುವಾಗ, ಸಂಬಳ, ಶಿಫ್ಟ್, ಫ್ಲ್ಯಾಟಿನ ಇಎಂಐ ಅಂತ ಮಾತಾಡುತ್ತಾ ಕೂತರೆ ಯಾರಿಗೆ ತಾನೇ ಏನು ಅನ್ನಿಸೀತು? ಅದು ಇಂಟರ್‌ವ್ಯೂ ಕಣೇ.

ಹಾಗಂತ ಜೊತೆಗಿದ್ದರೆ ಸಾಕು, ಯಾರ ಮೇಲಾದರೂ ಪ್ರೀತಿ ಬಂದುಬಿಡುತ್ತದೆ ಅಂತ ತಿಳಿಯಬೇಡ. 1981ರಲ್ಲಿ ಇನ್ನೊಂದು ಪ್ರಯೋಗ ಆಯಿತು. ಕೆಲವು ಗಂಡಸರನ್ನು ನಿಂತಲ್ಲೇ ಎರಡು ನಿಮಿಷ ಓಡಿಸಿದರು, ಇನ್ನು ಕೆಲವರನ್ನು ಬರೀ ಹದಿನೈದು ಸೆಕೆಂಡು. ಆಮೇಲೆ ಒಬ್ಬ ಹೆಂಗಸಿನ ವಿಡಿಯೋ ತೋರಿಸಿದರು. ಹೆಂಗಸು ಒಬ್ಬಳೇ, ಆದರೆ ಒಂದರಲ್ಲಿ ಚೆನ್ನಾಗಿ ಕಾಣುವ ಹಾಗೆ, ಇನ್ನೊಂದರಲ್ಲಿ ಚೆನ್ನಾಗಿಲ್ಲದ ಹಾಗೆ ವೇಷ. ಏದುಸಿರು ಬಿಡುತ್ತಿದ್ದವರಿಗೆ ಚೆನ್ನಾಗಿ ಕಂಡವಳು ಇನ್ನೂ ಹಿಡಿಸಿದಳು, ಹಿಡಿಸದವಳು ಇನ್ನೂ ಹಿಡಿಸದೇ ಹೋದಳು. ಒಳಗೆ ಇದ್ದದ್ದೇ ದೊಡ್ಡದಾಯಿತು, ಇಲ್ಲದ್ದು ಹುಟ್ಟಲಿಲ್ಲ.

'ಮದುವೆಯಾಗು, ಪ್ರೀತಿ ಆಮೇಲೆ ತಾನಾಗಿ ಬರುತ್ತೆ' ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಯಾರ ಮೇಲೆ ಬರುತ್ತೆ ಅನ್ನುವುದೂ ಮುಖ್ಯ ಅಲ್ವಾ? ಆ ಮಾತನ್ನು ನಮ್ಮಲ್ಲಿ ಹೆಣ್ಣುಮಕ್ಕಳಿಗೇ ಹೇಳುವುದು, ಗಮನಿಸಿದ್ದೀಯಾ? ಹುಡುಗನಿಗೆ ಹಿಡಿಸದಿದ್ದರೆ ಜಾತಕ ಕೂಡಿ ಬರಲಿಲ್ಲ ಅಂತಾರೆ, ಹುಡುಗಿಗೆ ಹಿಡಿಸದಿದ್ದರೆ ಹೊಂದಿಕೊಂಡು ಹೋಗು ಅಂತಾರೆ. ನಂಗಂತೂ ಮೈ ಉರಿಯುತ್ತೆ.

ಆದ್ದರಿಂದ 'ಏನೂ ಅನ್ನಿಸ್ತಿಲ್ಲ' ಅನ್ನುವುದನ್ನು ನೀನು ಬಿಡಿಸಿ ನೋಡಬೇಕು. ಖಾಲಿ ಇದೆಯಾ, ಇಲ್ಲಾ ಒಳಗೆ ಬೇಡ ಅನ್ನುವುದೊಂದು ಇದ್ದು ಅದನ್ನು 'ಏನೂ ಇಲ್ಲ' ಅಂತ ಮರ್ಯಾದೆಗೆ ಹೇಳುತ್ತಿದ್ದೀಯಾ? ಅವನ ಮೆಸೇಜ್ ಬಂದಾಗ ಫೋನ್ ಮಗುಚಿ ಇಡುತ್ತೀಯಾ? ಭೇಟಿ ಕ್ಯಾನ್ಸಲ್ ಆದರೆ ಹಾಯೆನಿಸುತ್ತಾ? ವೇಟರ್ ಜೊತೆ ಅವನು ಮಾತಾಡಿದ ರೀತಿಗೆ ಮುಜುಗರ ಆಯಿತಾ? ಹಾಗಿದ್ದರೆ ಇಲ್ಲಿಗೇ ಬಿಡು, ಕಾರಣ ಕೊಡಬೇಕಾಗಿಯೂ ಇಲ್ಲ. ಬರೀ ಖಾಲಿ ಆಗಿದ್ದರೆ ಅದು ಬೇರೆ ಮಾತು. ಖಾಲಿ ಜಾಗಕ್ಕೆ ಏನಾದರೂ ಬರಬಹುದು, ಬರದೆಯೂ ಇರಬಹುದು.

ನಿಮ್ಮಪ್ಪನ ವಿಷಯ ಕೇಳಬೇಕು ಅಂತ ನಿನಗೆ ಎಷ್ಟು ದಿನದಿಂದ ಆಸೆಯೋ! ಹೇಳುತ್ತೇನೆ, ಅವರಿಗೆ ಹೇಳಬೇಡ. ಮದುವೆಯಾದಾಗ ನನಗೂ ಖಾಲಿಯೇ. ಹಾಸನದಲ್ಲಿ ಬಾಡಿಗೆ ಮನೆ, ನನಗೆ ಪರೀಕ್ಷೆ ಪೇಪರ್ ತಿದ್ದುವ ಕೆಲಸ. ರಾತ್ರಿ ಕರೆಂಟ್ ಹೋದರೆ ಇವರು ಮಾತಿಲ್ಲದೆ ಲ್ಯಾಂಪಿನ ಗಾಜು ಒರೆಸಿ ನನ್ನ ಎಡಗಡೆ ತಂದಿಡುತ್ತಿದ್ದರು. ಬಲಗಡೆ ಇಟ್ಟರೆ ಬರೆಯುವ ಕೈಯ ನೆರಳು ಹಾಳೆಯ ಮೇಲೆ ಬೀಳುತ್ತದೆ. ಅದನ್ನು ನಾನು ಹೇಳಿರಲಿಲ್ಲ. ನಾನೂ ಅವರಿಗೆ ಅಂತ ಏನೇನೋ ಮಾಡುತ್ತಿದ್ದೆ, ಕರ್ತವ್ಯ ಅಂದುಕೊಂಡೇ. ಒಂದು ಮಳೆಗಾಲದ ಸಂಜೆ ಸಕಲೇಶಪುರದ ಕಡೆಯಿಂದ ಇವರು ಬರಬೇಕಾದ ಬಸ್ಸು ಬರಲೇ ಇಲ್ಲ. ಘಾಟಿಯಲ್ಲಿ ಮರ ಬಿದ್ದಿದೆ ಅಂತ ಯಾರೋ ಅಂದರು. ನಾನು ತಟ್ಟೆ ಮುಂದೆ ಕೂತಿದ್ದೆ, ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಓಹೋ, ಯಾವಾಗಲೋ ಆಗಿಹೋಗಿದೆ ಅಂತ ಆಗ ಗೊತ್ತಾಯಿತು. ಯಾವತ್ತು ಆಯಿತು ಅಂತ ಕೇಳಿದರೆ ನನ್ನ ಹತ್ತಿರ ತಾರೀಖಿಲ್ಲ. ಆ ದಿನ ನಾನು ಏನನ್ನೂ ಆರಿಸಿರಲಿಲ್ಲ. ಅದಕ್ಕೆ ಮುಂಚಿನ ದಿನಗಳಲ್ಲಿ ಮಾಡಿದ್ದೆಲ್ಲ ಆರಿಸಿಯೇ ಮಾಡಿದ್ದು.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಆಯ್ಕೆ ಅಲ್ಲ ಅಂದ ಮೇಲೆ ಆ ಪ್ರೀತಿ ನನ್ನದು ಹೇಗಾಯಿತು? ನೆಗಡಿಯೂ ಆಯ್ಕೆಯಲ್ಲ, ಅದನ್ನು ನನ್ನ ಸಾಧನೆ ಅನ್ನಲ್ಲ. ಅಮೆರಿಕದ ಹ್ಯಾರಿ ಫ್ರಾಂಕ್‌ಫರ್ಟ್ ಅನ್ನುವ ತತ್ವಶಾಸ್ತ್ರಜ್ಞ ಇದರ ಮೇಲೆ ಬಹಳ ತಲೆ ಕೆಡಿಸಿಕೊಂಡವನು. ಅವನು ಕೊಡುವ ಉದಾಹರಣೆ ಒಬ್ಬ ತಾಯಿಯದು. ಮಗುವನ್ನು ದತ್ತು ಕೊಡುವುದೇ ಒಳ್ಳೆಯದು ಅಂತ ಯೋಚಿಸಿ ತೀರ್ಮಾನ ಮಾಡುತ್ತಾಳೆ. ಕೊಡುವ ಹೊತ್ತು ಬಂದಾಗ ಆಗುವುದೇ ಇಲ್ಲ. ಅವಳನ್ನು ಯಾರೂ ತಡೆಯುತ್ತಿಲ್ಲ. ಇದು ಚಟದವನು ಬಾಟಲಿ ಬಿಡಲಾರದ ಹಾಗಲ್ಲ, ಅವನು ಎಷ್ಟೋ ಸಲ ಆ ಚಟವನ್ನೇ ಶಪಿಸುತ್ತಿರುತ್ತಾನೆ. ಅವಳಿಗೆ ತನ್ನ ಈ 'ಆಗದು' ಬೇಕು, ಅದು ಹೋಗಲಿ ಅಂತ ಅವಳು ಬಯಸುವುದಿಲ್ಲ. ಹಾಗಾಗಿ ಅದು ಹೊರಗಿನ ಬಲವಂತವಲ್ಲ, ಅವಳೇ ಅದು. ಇದನ್ನು ಮೊದಲ ಸಲ ಓದಿದಾಗ ನೀನು ಹೊಟ್ಟೆಯಲ್ಲಿದ್ದೆ, ಅದಕ್ಕೇ ಇರಬೇಕು ನನಗೆ ಅಷ್ಟು ಹಿಡಿಸಿದ್ದು.

ಆದರೆ ಅವನ ಮಾತನ್ನು ಎಲ್ಲಾ ಕಡೆ ಎಳೆಯಲು ನನಗೆ ಮನಸ್ಸಿಲ್ಲ. ತಾಯಿಯ ಪ್ರೀತಿಯಲ್ಲಿ ಬಿಡಲಾಗದು ಅನ್ನುವುದು ಸಹಜ. ಗಂಡ ಹೆಂಡಿರ ನಡುವೆ, ಹೊಡೆಯುವವನ ಜೊತೆ ಇದ್ದುಕೊಂಡು 'ಏನ್ ಮಾಡ್ಲಿ, ಬಿಡಕ್ಕಾಗಲ್ಲ' ಅನ್ನುವವರೂ ಅದೇ ಮಾತು ಹೇಳುತ್ತಾರೆ. ಅಲ್ಲಿ ಕೇಳಬೇಕಾದ್ದು ಒಂದೇ, ಈ ಬಿಡಲಾಗದ್ದು ನಿನಗೆ ಬೇಕಾ? ಬೇಡ ಅಂತ ಒಳಗಿಂದ ಉತ್ತರ ಬಂದರೆ ಅದನ್ನು ಪ್ರೀತಿ ಅಂತ ಕರೆಯಲು ನಾನು ತಯಾರಿಲ್ಲ.

ಈಗ ನಿನ್ನ ಹುಡುಗನ ಸಮಾಚಾರ. ಖಾಲಿ ಅಷ್ಟೇ ಅಂತಾದರೆ ಮುಂದಿನ ಸಲ ಕಾಫಿಗೆ ಹೋಗಬೇಡ. ಬೆಳಿಗ್ಗೆ ಸಿಂಹಗಡ ಹತ್ತಿ, ಪುಣೆಯಲ್ಲಿದ್ದೂ ಇನ್ನೂ ಹೋಗಿಲ್ಲ ಅಂದರೆ ಹೇಗೆ? ಸುಸ್ತಾದಾಗ, ಹಸಿದಾಗ ಮನುಷ್ಯ ಹೇಗಿರುತ್ತಾನೆ ಅಂತಲೂ ಗೊತ್ತಾಗುತ್ತೆ. ಆ ಆರನ್ ಇದ್ದಾನಲ್ಲ, ಸೇತುವೆಯವನು, ಅವನೇ 1997ರಲ್ಲಿ ತನ್ನ ಜೊತೆಗಾರರೊಂದಿಗೆ ಅಪರಿಚಿತರು ಮುಕ್ಕಾಲು ಗಂಟೆಯಲ್ಲಿ ಹತ್ತಿರವಾಗಲಿ ಅಂತ 36 ಪ್ರಶ್ನೆ ಪ್ರಕಟಿಸಿದ. ಪ್ರೀತಿ ಹುಟ್ಟಿಸುವ ಮಂತ್ರ ಅಂತ ಇಂಟರ್ನೆಟ್ಟಿನವರು ಅನ್ನುತ್ತಾರೆ, ಆರನ್ ಮತ್ತು ಜೊತೆಗಾರರು ಅಳೆದದ್ದು ಆಪ್ತತೆಯನ್ನು ಮಾತ್ರ. ಅದರಲ್ಲಿ ಎರಡು ನನಗೆ ಇಷ್ಟ. ಫೋನ್ ಮಾಡುವ ಮುಂಚೆ ಏನು ಮಾತಾಡಬೇಕು ಅಂತ ಮನಸ್ಸಲ್ಲೇ ಹೇಳಿಕೊಳ್ಳುತ್ತೀಯಾ, ಯಾಕೆ? ಇನ್ನೊಬ್ಬರ ಎದುರು ಕೊನೆಗೆ ಅತ್ತಿದ್ದು ಯಾವಾಗ? ಕೇಳು. ನೀನೂ ಉತ್ತರ ಹೇಳಬೇಕು, ಅದು ನಿಯಮ.

ಅತ್ತೆಗೆ ನಾನು ಹೇಳುತ್ತೇನೆ, ಯುಗಾದಿ ಆಗುವವರೆಗೂ ಯಾರೂ ಈ ವಿಷಯ ಎತ್ತಬಾರದು ಅಂತ. ಅವರು ನೇರ ನಿನಗೇ ಫೋನ್ ಮಾಡಿದರೆ ಮೀಟಿಂಗಲ್ಲಿದ್ದೀನಿ ಅನ್ನು.

ಅಮ್ಮ